ಸಿಸೇರಿಯನ್‌ಗೆ ಮುಂಚಿನ ಆಂಟಿಬಯಾಟಿಕ್: ಆಡಿಟ್ ಶುರು ಮಾಡುವ ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಓಟಿ ಜವಾಬ್ದಾರಿ ಹೊತ್ತಿರುವ ಶುಶ್ರೂಷಾಧಿಕಾರಿ. ತಿಂಗಳಿಗೆ ನಲವತ್ತು ಐವತ್ತು ಸಿಸೇರಿಯನ್ ಆಗುತ್ತವೆ. ಆಪರೇಷನ್‌ಗೆ ಮುಂಚೆ ಕೊಡುವ ಆಂಟಿಬಯಾಟಿಕ್ ಸರಿಯಾದ ಸಮಯಕ್ಕೆ ಹೋಗುತ್ತಿದೆಯೇ ಎಂದು ಆಡಿಟ್ ಮಾಡಿ ಎಂದು ವೈದ್ಯಾಧಿಕಾರಿಗಳು ಹೇಳಿದ್ದಾರೆ. ಚೆಕ್‌ಲಿಸ್ಟ್‌ನಲ್ಲಿ ಎಲ್ಲದಕ್ಕೂ "ಹೌದು" ಎಂದೇ ಟಿಕ್ ಇದೆ. ಸೆಫಾಜೋಲಿನ್ ಇದ್ದಾಗ ಅದನ್ನು, ಇಲ್ಲದಿದ್ದರೆ ಸೆಫ್ಟ್ರಯಾಕ್ಸೋನ್ ಕೊಡುತ್ತೇವೆ. ಎಲ್ಲಿಂದ ಶುರು ಮಾಡಲಿ? ಹಾಳೆಯಲ್ಲಿ ಏನೇನು ಇರಬೇಕು?

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕೈಯಲ್ಲಿ ಮೊಬೈಲ್ ಹಿಡಿದು ಹೆರಿಗೆ ವಾರ್ಡಿನ ಗೋಡೆ ಗಡಿಯಾರ, ಓಟಿಯ ಗೋಡೆ ಗಡಿಯಾರ, ಅರಿವಳಿಕೆ ಮಾನಿಟರಿನ ಪರದೆ ಈ ಮೂರರಲ್ಲೂ ಸಮಯ ಎಷ್ಟು ತೋರಿಸುತ್ತಿದೆ ಎಂದು ಬರೆದುಕೊಳ್ಳಿ. ಮೂರೂ ಒಂದೇ ಸಮಯ ಹೇಳಿದರೆ ನೀವು ಅದೃಷ್ಟವಂತರು. ಸಾಮಾನ್ಯವಾಗಿ ಹೇಳುವುದಿಲ್ಲ. ನೀವು ಅಳೆಯಲು ಹೊರಟಿರುವುದು ಎರಡು ಸಮಯಗಳ ನಡುವಿನ ಅಂತರವನ್ನು. ಅವುಗಳಲ್ಲಿ ಒಂದನ್ನು ವಾರ್ಡಿನ ಗಡಿಯಾರ ನೋಡಿ ಬರೆಯುತ್ತಾರೆ, ಇನ್ನೊಂದನ್ನು ಓಟಿಯ ಗಡಿಯಾರ ನೋಡಿ. ಈ ಎರಡರ ನಡುವೆ ಎಂಟು ನಿಮಿಷ ವ್ಯತ್ಯಾಸವಿದ್ದರೆ ನಿಮ್ಮ ಆಡಿಟ್ಟಿನ ಪ್ರತಿ ಅಂಕಿಯೂ ಎಂಟು ನಿಮಿಷ ತಪ್ಪಿರುತ್ತದೆ, ಮತ್ತು ಆ ತಪ್ಪು ಹಾಳೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಅಳತೆಗೋಲು ಸರಳವಾಗಿರಲಿ. ಸೆಫಾಜೋಲಿನ್‌ನಂಥ ಔಷಧಿಗಳಿಗೆ ಅಂತರರಾಷ್ಟ್ರೀಯವಾಗಿ ಹೆಚ್ಚಾಗಿ ಒಪ್ಪಿರುವ ನಿಯಮ, ಚರ್ಮಕ್ಕೆ ಚಾಕು ತಾಗುವ ಮೊದಲಿನ 60 ನಿಮಿಷದೊಳಗೆ ಔಷಧಿ ರಕ್ತನಾಳಕ್ಕೆ ಹೋಗಿರಬೇಕು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಚೆಕ್‌ಲಿಸ್ಟ್ ಕೇಳುವುದೂ ಈ 60 ನಿಮಿಷದ ಬಗ್ಗೆಯೇ. ಅದೇ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ 120 ನಿಮಿಷದವರೆಗೆ ಅವಕಾಶ ಕೊಟ್ಟು, ಔಷಧಿಯ ಅರ್ಧಾಯುಷ್ಯ ನೋಡಿಕೊಳ್ಳಿ ಎಂದಿತು. ನಿಮ್ಮ ಆಡಿಟ್ಟಿಗೆ 60 ನಿಮಿಷವನ್ನೇ ಇಟ್ಟುಕೊಳ್ಳಿ. ಸೆಫಾಜೋಲಿನ್‌ನ ಅರ್ಧಾಯುಷ್ಯ ಸುಮಾರು ಎರಡು ಗಂಟೆಯಷ್ಟೇ. ಬೇಗ ಕೊಟ್ಟರೆ, ಛೇದನದ ಹೊತ್ತಿಗೆ ಹಾಗೂ ಹೊಲಿಗೆ ಮುಗಿಯುವ ಹೊತ್ತಿಗೆ ಅಂಗಾಂಶದಲ್ಲಿ ಅದರ ಮಟ್ಟ ಇಳಿಯತೊಡಗಿರುತ್ತದೆ. ಸೆಫ್ಟ್ರಯಾಕ್ಸೋನ್‌ನ ಅರ್ಧಾಯುಷ್ಯ ಸುಮಾರು ಎಂಟು ಗಂಟೆ. ಹಾಗಾಗಿ ಅದನ್ನು ತೊಂಬತ್ತು ನಿಮಿಷ ಮುಂಚೆ ಕೊಟ್ಟರೂ ಔಷಧಶಾಸ್ತ್ರದ ದೃಷ್ಟಿಯಲ್ಲಿ ದೊಡ್ಡ ಅನಾಹುತವಲ್ಲ. ಆದರೂ ಎರಡು ಔಷಧಿಗೆ ಎರಡು ಗಡುವು ಇಟ್ಟರೆ ವಾರ್ಡಿನಲ್ಲಿ ಯಾವುದೂ ನೆನಪಿರುವುದಿಲ್ಲ. ವಾರ್ಡಿನಲ್ಲೇ ಕೊಟ್ಟು ಕಳುಹಿಸುವ ಅಭ್ಯಾಸ ಸೆಫ್ಟ್ರಯಾಕ್ಸೋನ್‌ನಿಂದ ಬಂದು, ಸೆಫಾಜೋಲಿನ್ ಬಂದ ದಿನವೂ ಹಾಗೆಯೇ ಮುಂದುವರಿಯುತ್ತದೆ. ಆಡಿಟ್ ಹಿಡಿಯಬೇಕಿರುವುದು ಆ ಅಭ್ಯಾಸವನ್ನು.

ಸಮಯಕ್ಕೆ ಇಷ್ಟು ಮಹತ್ವ ಏಕೆ ಬಂತು ಎಂದು ವೈದ್ಯಾಧಿಕಾರಿಗಳು ಕೇಳಿದರೆ, 1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ಬಂದ ಅಧ್ಯಯನವನ್ನು ತೋರಿಸಬಹುದು. 2,847 ರೋಗಿಗಳ ಪೈಕಿ, ಛೇದನಕ್ಕೆ ಮೊದಲಿನ ಎರಡು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ಗಾಯದ ಸೋಂಕು ಶೇ. 0.6 ಇತ್ತು. ಅದಕ್ಕೂ ಬೇಗ ಪಡೆದವರಲ್ಲಿ ಶೇ. 3.8, ಛೇದನವಾಗಿ ಮೂರು ಗಂಟೆಯ ನಂತರ ಪಡೆದವರಲ್ಲಿ ಶೇ. 3.3. ಅತಿ ಬೇಗ ಕೊಡುವುದೂ ತಡವಾಗಿ ಕೊಡುವುದೂ ಹೆಚ್ಚುಕಡಿಮೆ ಒಂದೇ ಎಂಬುದು ಅಲ್ಲಿ ಎದ್ದು ಕಂಡಿತು. ಅರವತ್ತು ನಿಮಿಷದ ಒಳಗೇ ಯಾವ ನಿಮಿಷ ಅತ್ಯುತ್ತಮ ಎಂಬ ಚರ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, ಅರಿವಳಿಕೆ ಕೊಠಡಿಯಲ್ಲಿ ಸ್ವಲ್ಪ ಮುಂಚೆ ಕೊಟ್ಟವರಿಗೂ ಓಟಿಯಲ್ಲಿ ಕೊನೆಯ ಗಳಿಗೆಯಲ್ಲಿ ಕೊಟ್ಟವರಿಗೂ ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಸಿಸೇರಿಯನ್‌ಗೇ ಸೀಮಿತವಾದ ಒಂದು ತೊಡಕನ್ನು ಆಡಿಟ್ಟಿಗೆ ಮೊದಲೇ ಬಿಡಿಸಿಕೊಳ್ಳಬೇಕು. ಮಗು ಹೊರಬಂದು ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ ಹಾಕಿದ ಮೇಲೆ ಆಂಟಿಬಯಾಟಿಕ್ ಕೊಡುವುದು ಹಳೆಯ ಪದ್ಧತಿ. ಔಷಧಿ ಮಗುವಿಗೆ ಹೋಗದಿರಲಿ, ಮಗುವಿನಲ್ಲಿ ಸೋಂಕಿನ ಲಕ್ಷಣ ಮುಚ್ಚಿಹೋಗದಿರಲಿ ಎಂಬ ಎಚ್ಚರಿಕೆ ಅದರ ಹಿಂದಿತ್ತು. ಸುಮಾರು 2010ರ ಹೊತ್ತಿಗೆ ಅಮೆರಿಕ, ಬ್ರಿಟನ್ನಿನ ಪ್ರಸೂತಿ ಮಾರ್ಗಸೂಚಿಗಳು ಇದನ್ನು ಕೈಬಿಟ್ಟು ಛೇದನಕ್ಕೆ ಮೊದಲೇ ಕೊಡಿ ಎಂದವು. ಹಾಗೆ ಕೊಟ್ಟಾಗ ತಾಯಿಯ ಸೋಂಕು ಕಡಿಮೆಯಾಯಿತು, ಮಗುವಿಗೆ ಹಾನಿಯಾದದ್ದು ಕಂಡುಬರಲಿಲ್ಲ. ನಿಮ್ಮ ಆಸ್ಪತ್ರೆಯ ಪ್ರಸೂತಿ ತಜ್ಞರು ಅಥವಾ ಮಕ್ಕಳ ವೈದ್ಯರು ಇನ್ನೂ ಹಳೆಯ ಪದ್ಧತಿಯಲ್ಲೇ ಇದ್ದರೆ, ಆಡಿಟ್ ಹಾಳೆ ಹಂಚುವ ಮೊದಲು ಅವರ ಜೊತೆ ಕುಳಿತು ಮಾತನಾಡಿ, ಒಪ್ಪಿದ ನಿಯಮವನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹಾಗೆ ಮಾಡದಿದ್ದರೆ, ತಾವು ಒಪ್ಪಿಯೇ ಇರದ ನಿಯಮಕ್ಕೆ ತಮ್ಮನ್ನು ಅಳೆದರು ಎಂದು ಅವರು ಹೇಳುತ್ತಾರೆ. ಹಾಗೆ ಹೇಳುವುದು ನ್ಯಾಯವೂ ಹೌದು.

ಈಗ ಯಾರನ್ನು ಸೇರಿಸಬೇಕು ಎಂಬ ವಿಚಾರ. ಒಂದು ದಿನಾಂಕ ನಿಗದಿ ಮಾಡಿ, ಅಂದಿನಿಂದ ಸಾಲಾಗಿ ಬರುವ 50 ಸಿಸೇರಿಯನ್‌ಗಳನ್ನು ಒಂದನ್ನೂ ಬಿಡದೆ ತೆಗೆದುಕೊಳ್ಳಿ. ರಾತ್ರಿಯದು, ಭಾನುವಾರದ್ದು, ತುರ್ತಿನದು ಎಲ್ಲವೂ ಇರಲಿ. ಹಗಲಿನ ನಿಗದಿತ ಆಪರೇಷನ್‌ಗಳನ್ನು ಮಾತ್ರ ಆರಿಸಿದರೆ ಫಲಿತಾಂಶ ಚೆನ್ನಾಗಿ ಬರುತ್ತದೆ, ಆದರೆ ಅದು ನಿಮ್ಮ ಆಸ್ಪತ್ರೆಯ ಚಿತ್ರವಲ್ಲ. ಐವತ್ತು ಎಂಬುದು ದೊಡ್ಡ ಸಂಖ್ಯೆಯಲ್ಲ ಎಂಬ ಅರಿವೂ ಇರಲಿ. ಐವತ್ತರಲ್ಲಿ ಶೇ. 70 ಸರಿಯಿದೆ ಎಂದು ಬಂದರೆ ನಿಜವಾದ ಪ್ರಮಾಣ ಸುಮಾರು ಶೇ. 57ರಿಂದ 83ರ ನಡುವೆ ಎಲ್ಲಿಯಾದರೂ ಇರಬಹುದು. ದೋಷ ಇದೆಯೇ, ಎಲ್ಲಿದೆ ಎಂದು ತಿಳಿಯಲು ಇಷ್ಟು ಸಾಕು. ಶೇ. 70ರಿಂದ 74ಕ್ಕೆ ಏರಿದೆವು ಎಂದು ಸಂಭ್ರಮಿಸಲು ಸಾಲದು.

ಕೆಲವರನ್ನು ಬಿಡುವ ಆಸೆ ಬರುತ್ತದೆ. ಅದನ್ನು ಅಳೆದು ತೂಗಿ ಮಾಡಿ. ಗರ್ಭಕೋಶದ ಸೋಂಕಿಗೆ ಆಗಲೇ ಚಿಕಿತ್ಸೆಯ ಡೋಸಿನಲ್ಲಿ ಆಂಟಿಬಯಾಟಿಕ್ ಪಡೆಯುತ್ತಿರುವವರನ್ನು ಪ್ರತ್ಯೇಕ ಗುಂಪಾಗಿ ಇಡಿ, ಏಕೆಂದರೆ ಅವರಿಗೆ ಕೊಟ್ಟದ್ದು ಮುಂಜಾಗ್ರತೆಯ ಡೋಸ್ ಅಲ್ಲ. ಮಗುವಿನ ಹೃದಯಬಡಿತ ಕುಸಿದು ನಿಮಿಷಗಳಲ್ಲಿ ಓಟಿಗೆ ಓಡಿದ ಅತಿ ತುರ್ತು ಪ್ರಕರಣಗಳನ್ನು ಬಿಡಬೇಡಿ, ಅವಕ್ಕೆ ಗುರುತು ಹಾಕಿ ಸೇರಿಸಿ. ಅಲ್ಲಿ ಔಷಧಿಗಾಗಿ ಛೇದನ ಕಾಯಬಾರದು ನಿಜ, ಆದರೆ ಡ್ರಿಪ್ ಹಾಕಿದ ತಕ್ಷಣ ಕೊಡಲು ಸಾಧ್ಯವಾಯಿತೇ ಎಂಬುದು ತಿಳಿಯಬೇಕಾದ ವಿಷಯವೇ. ಪೆನ್ಸಿಲಿನ್ ಅಲರ್ಜಿ ಇರುವವರನ್ನೂ ಬಿಡಬೇಡಿ. ತೀವ್ರ ಅಲರ್ಜಿ ಇರುವವರಿಗೆ ಸಾಮಾನ್ಯವಾಗಿ ಕ್ಲಿಂಡಾಮೈಸಿನ್ 900 ಮಿ.ಗ್ರಾಂ. ಜೊತೆಗೆ ಜೆಂಟಾಮೈಸಿನ್ ಕೊಡುತ್ತಾರೆ. ಕ್ಲಿಂಡಾಮೈಸಿನ್ ಅನ್ನು ಸಿರಿಂಜಿನಲ್ಲಿ ಒಮ್ಮೆಲೇ ತಳ್ಳುವಂತಿಲ್ಲ, ಸುಮಾರು ಅರ್ಧ ಗಂಟೆ ಡ್ರಿಪ್‌ನಲ್ಲಿ ಹೋಗಬೇಕು. ಹಾಗಾಗಿ ಈ ರೋಗಿಗಳಲ್ಲಿಯೇ ಔಷಧಿ ಅರ್ಧ ಒಳಗೆ, ಅರ್ಧ ಬಾಟಲಿಯಲ್ಲಿ ಇರುವಾಗ ಛೇದನ ಆಗಿಬಿಡುವ ಸಂಭವ ಹೆಚ್ಚು. ಅದಕ್ಕೇ ಹಾಳೆಯಲ್ಲಿ ಶುರುವಾದ ಸಮಯಕ್ಕೂ ಮುಗಿದ ಸಮಯಕ್ಕೂ ಬೇರೆ ಬೇರೆ ಜಾಗ ಬೇಕು.

ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ 108 ಆಂಬ್ಯುಲೆನ್ಸಿನಲ್ಲಿ ಬಂದವರಿಗೆ ಅಲ್ಲಿಯೇ ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿರುವುದುಂಟು. ರೆಫರಲ್ ಚೀಟಿಯಲ್ಲಿ ಸಮಯ ಇದ್ದರೆ ಅದನ್ನು ಬರೆದುಕೊಳ್ಳಿ. ಇಲ್ಲದಿದ್ದರೆ "ಹೊರಗೆ ಕೊಟ್ಟದ್ದು, ಸಮಯ ಇಲ್ಲ" ಎಂದು ಬರೆಯಿರಿ. ನಿಮ್ಮಲ್ಲಿಂದ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ನೀವು ಕಳುಹಿಸುವವರ ವಿಷಯದಲ್ಲೂ ಇದೇ ಕಥೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ದಾರಿ. ಹೊರಡುವ ಮುಂಚೆ ಕೊಟ್ಟ ಡೋಸ್, ಅಲ್ಲಿ ದಾಖಲಾಗಿ ಓಟಿ ಸೇರುವಷ್ಟರಲ್ಲಿ ಹಳತಾಗಿರುತ್ತದೆ. ಅದನ್ನು ಮತ್ತೆ ಕೊಡಬೇಕೇ ಎಂದು ಅಲ್ಲಿನವರು ನಿರ್ಧರಿಸಲು ನೀವು ಬರೆದ ಸಮಯವೊಂದೇ ಆಧಾರ.

ಇನ್ನು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಈ ಆಡಿಟ್ಟನ್ನು ದಾರಿ ತಪ್ಪಿಸುವ ದೊಡ್ಡ ಕಾರಣಕ್ಕೆ ಬರೋಣ, ಅದು ಟೆಸ್ಟ್ ಡೋಸ್. ವಾರ್ಡಿನಲ್ಲಿ ಚರ್ಮದೊಳಗೆ ಚೂರು ಔಷಧಿ ಕೊಟ್ಟು, ಸುತ್ತ ಪೆನ್ನಿನಲ್ಲಿ ಗುರುತು ಹಾಕಿ, ಕಾದು ನೋಡಿ, ಏನೂ ಆಗದಿದ್ದರೆ ಪೂರ್ತಿ ಡೋಸನ್ನು ಅಲ್ಲಿಯೇ ಕೊಟ್ಟುಬಿಡುತ್ತಾರೆ. ಕೇಸ್ ಶೀಟಿನಲ್ಲಿ "ಎಟಿಡಿ" ಎಂದು ಬರೆದು ಪಕ್ಕದಲ್ಲಿ ಒಂದು ಸಮಯ ಹಾಕುತ್ತಾರೆ. ಆ ಸಮಯ ಟೆಸ್ಟ್ ಡೋಸಿನದೋ ಪೂರ್ತಿ ಡೋಸಿನದೋ ಬರೆದವರಿಗಷ್ಟೇ ಗೊತ್ತು. ಹಿಂದೆ ಅಲರ್ಜಿಯೇನೂ ಆಗಿರದ ವ್ಯಕ್ತಿಗೆ ಹೀಗೆ ವಾಡಿಕೆಯಂತೆ ಮಾಡುವ ಚರ್ಮದ ಪರೀಕ್ಷೆ ತೀವ್ರ ಅಲರ್ಜಿಯನ್ನು ಮುಂಚಿತವಾಗಿ ಹೇಳಬಲ್ಲದು ಎಂಬುದಕ್ಕೆ ಆಧಾರವಿಲ್ಲ. ಹಿಂದೆ ಯಾವ ಔಷಧಿಗೆ ಏನಾಗಿತ್ತು ಎಂದು ವಿವರವಾಗಿ ಕೇಳುವುದು ಅದಕ್ಕಿಂತ ಉಪಯುಕ್ತ. ಆದರೆ ಈ ಆಡಿಟ್ಟಿನಲ್ಲಿ ಆ ಜಗಳಕ್ಕೆ ಇಳಿಯಬೇಡಿ, ಟೆಸ್ಟ್ ಡೋಸಿಗೆ ಒಂದು ಬೇರೆ ಅಂಕಣ ಕೊಟ್ಟುಬಿಡಿ. ಪೂರ್ತಿ ಡೋಸ್ ವಾರ್ಡಿನಲ್ಲಿ ಹೋಗಲು ಟೆಸ್ಟ್ ಡೋಸೇ ಕಾರಣ ಎಂದು ನಿಮ್ಮದೇ ಅಂಕಿಗಳು ತೋರಿಸಿದರೆ ಮಾತು ತಾನಾಗಿ ಶುರುವಾಗುತ್ತದೆ.

ಹಾಳೆ ಒಂದೇ ಪುಟದ್ದಾಗಿರಲಿ. ರೋಗಿಯ ಹೆಸರಾಗಲೀ ಔಷಧಿ ಕೊಟ್ಟವರ ಹೆಸರಾಗಲೀ ಬೇಡ. ಆಡಿಟ್ ಸಂಖ್ಯೆಗೂ ಕೇಸ್ ಶೀಟ್ ಸಂಖ್ಯೆಗೂ ಹೊಂದಾಣಿಕೆ ತೋರಿಸುವ ಪುಸ್ತಕ ಬೇರೆ ಇರಲಿ, ಅದು ನಿಮ್ಮ ಬೀರುವಿನಲ್ಲಿ ಬೀಗದೊಳಗಿರಲಿ.

| ಕ್ರಮ | ಅಂಶ | ತುಂಬುವ ಬಗೆ |
|---|---|---|
| 1 | ಆಡಿಟ್ ಸಂಖ್ಯೆ | 01ರಿಂದ 50 |
| 2 | ದಿನಾಂಕ, ಪಾಳಿ | ಬೆಳಿಗ್ಗೆ / ಮಧ್ಯಾಹ್ನ / ರಾತ್ರಿ |
| 3 | ಆಪರೇಷನ್ ಬಗೆ | ನಿಗದಿತ / ತುರ್ತು / ಅತಿ ತುರ್ತು |
| 4 | ಆಗಲೇ ಚಿಕಿತ್ಸೆಗಾಗಿ ಆಂಟಿಬಯಾಟಿಕ್ ನಡೆಯುತ್ತಿದೆಯೇ | ಹೌದು / ಇಲ್ಲ |
| 5 | ಅಲರ್ಜಿಯ ಇತಿಹಾಸ | ಇಲ್ಲ / ಇದೆ (ಯಾವ ಔಷಧಿ, ಏನಾಯಿತು) |
| 6 | ಟೆಸ್ಟ್ ಡೋಸ್ ಸಮಯ | ಗಂಟೆ:ನಿಮಿಷ / ಕೊಟ್ಟಿಲ್ಲ |
| 7 | ಔಷಧಿ, ಪ್ರಮಾಣ | ಹೆಸರು, ಗ್ರಾಂ |
| 8 | ಪೂರ್ತಿ ಡೋಸ್ ಶುರುವಾದ ಸಮಯ | 24 ಗಂಟೆಯ ಲೆಕ್ಕದಲ್ಲಿ, ನಿಮಿಷದವರೆಗೆ |
| 9 | ಪೂರ್ತಿ ಡೋಸ್ ಮುಗಿದ ಸಮಯ | ಅದೇ ರೀತಿ |
| 10 | ಕೊಟ್ಟ ಜಾಗ | ಹೊರಗೆ / ವಾರ್ಡ್ / ಓಟಿ ಹೊರಕೋಣೆ / ಟೇಬಲ್ ಮೇಲೆ |
| 11 | ಯಾವ ಗಡಿಯಾರ ನೋಡಿದ್ದು | ವಾರ್ಡ್ / ಓಟಿ / ಮೊಬೈಲ್ |
| 12 | ಚರ್ಮಕ್ಕೆ ಚಾಕು ತಾಗಿದ ಸಮಯ | ಓಟಿ ಗಡಿಯಾರ, ಆ ಗಳಿಗೆಯಲ್ಲೇ ಬರೆದದ್ದು |
| 13 | ಚೆಕ್‌ಲಿಸ್ಟಿನಲ್ಲಿ ಹಾಕಿದ ಟಿಕ್ | ಹೌದು / ಇಲ್ಲ / ಖಾಲಿ |
| 14 | ತಡ ಅಥವಾ ಬೇಗ ಆಗಿದ್ದರೆ ಕಾರಣ | ಒಂದು ಸಾಲು |

ಹನ್ನೆರಡನೆಯ ಅಂಶದಲ್ಲಿ ಬಿಗಿಯಾಗಿರಿ. ಓಟಿ ರಿಜಿಸ್ಟರಿನಲ್ಲಿ "ಆಪರೇಷನ್ ಶುರು" ಎಂದು ಇರುವ ಸಮಯ ಕೆಲವೊಮ್ಮೆ ರೋಗಿ ಒಳಬಂದ ಸಮಯ, ಕೆಲವೊಮ್ಮೆ ಬೆನ್ನಿಗೆ ಅರಿವಳಿಕೆ ಕೊಟ್ಟ ಸಮಯ. ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನಿಮಗೆ ಬೇಕಿರುವುದು ಚಾಕು ತಾಗಿದ ನಿಮಿಷ ಮಾತ್ರ. ಶಸ್ತ್ರವೈದ್ಯರು ಛೇದನ ಶುರು ಮಾಡುವಾಗ "ಛೇದನ" ಎಂದು ಗಟ್ಟಿಯಾಗಿ ಹೇಳಲಿ, ಟೇಬಲ್ ಸುತ್ತ ಓಡಾಡುವ ಸಿಸ್ಟರ್ ಗೋಡೆ ನೋಡಿ ಬರೆಯಲಿ. ಔಷಧಿ ಕೊಡುವವರೇ ಹಾಳೆಯನ್ನೂ ತುಂಬುವುದು ಬೇಡ.

ಒಂದು ಪ್ರಕರಣವನ್ನು ಉದಾಹರಣೆಯಾಗಿ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ. ಇಪ್ಪತ್ತೇಳು ವರ್ಷದ ಮಹಿಳೆ. ಮೊದಲ ಹೆರಿಗೆಯೂ ಸಿಸೇರಿಯನ್, ಈಗ ನೋವು ಶುರುವಾಗಿ ಬಂದಿದ್ದಾರೆ. ವಾರ್ಡಿನಲ್ಲಿ 10:05ಕ್ಕೆ ಟೆಸ್ಟ್ ಡೋಸ್, 10:30ಕ್ಕೆ ಸೆಫಾಜೋಲಿನ್ 2 ಗ್ರಾಂ. ಇದು ವಾರ್ಡಿನ ಗಡಿಯಾರದ ಸಮಯ. ಓಟಿಯಲ್ಲಿ ಹಿಂದಿನ ಪ್ರಕರಣ ಮುಗಿದಿರಲಿಲ್ಲ, ಕಾದರು. 11:30ಕ್ಕೆ ಇವರು ಓಟಿಯ ಒಳಗೆ ಬಂದರು, 11:38ಕ್ಕೆ ಬೆನ್ನಿಗೆ ಅರಿವಳಿಕೆ ಕೊಡಲಾಯಿತು, 11:52ಕ್ಕೆ ಛೇದನ. ಚೆಕ್‌ಲಿಸ್ಟಿನಲ್ಲಿ "60 ನಿಮಿಷದೊಳಗೆ ಕೊಟ್ಟಿದೆ: ಹೌದು".

ಓಟಿ ರಿಜಿಸ್ಟರಿನಲ್ಲಿ "ಆಪರೇಷನ್ ಶುರು 11:30" ಎಂದಿದೆ ಎಂದುಕೊಳ್ಳಿ. ಅದನ್ನು ಹಿಡಿದರೆ ಅಂತರ ಸರಿಯಾಗಿ 60 ನಿಮಿಷ, ಪಾಸು. ಛೇದನದ ನಿಜವಾದ ಸಮಯ ಹಿಡಿದರೆ 82 ನಿಮಿಷ, ಫೇಲು. ಆ ವಾರ ನೀವು ಗಡಿಯಾರಗಳನ್ನು ಹೋಲಿಸಿದಾಗ ವಾರ್ಡಿನದು ಓಟಿಯದಕ್ಕಿಂತ 6 ನಿಮಿಷ ಮುಂದಿತ್ತು ಎಂದಾದರೆ, ವಾರ್ಡಿನ 10:30 ಎಂದರೆ ಓಟಿಯ 10:24. ಆಗ ನಿಜವಾದ ಅಂತರ 88 ನಿಮಿಷ. ಒಬ್ಬರೇ ರೋಗಿ, ಒಂದೇ ಇಂಜೆಕ್ಷನ್, ಮೂರು ಉತ್ತರ. ಎಲ್ಲ "ಹೌದು" ಎಂಬ ಟಿಕ್‌ಗಳು ಯಾರೋ ಸುಳ್ಳು ಬರೆದು ಬಂದವಲ್ಲ. ಟಿಕ್ ಹಾಕುವವರಿಗೆ "ಕೊಟ್ಟಿದೆಯಂತೆ" ಎಂದಷ್ಟೇ ಗೊತ್ತಿರುತ್ತದೆ, ಎಷ್ಟು ನಿಮಿಷದ ಹಿಂದೆ ಎಂದು ಲೆಕ್ಕ ಹಾಕಲು ಅವರ ಮುಂದೆ ಏನೂ ಇರುವುದಿಲ್ಲ. ಇಂಥ ಪ್ರಕರಣದಲ್ಲಿ 14ನೇ ಸಾಲಿನಲ್ಲಿ "ಓಟಿ ಖಾಲಿ ಇರಲಿಲ್ಲ, ವಾರ್ಡಿನಲ್ಲೇ ಕೊಟ್ಟಾಗಿತ್ತು" ಎಂದು ಬರೆಯಿರಿ. ಮುಂದೆ ಏನನ್ನು ಬದಲಿಸಬೇಕು ಎಂದು ತೋರಿಸುವುದು ಆ ಒಂದು ಸಾಲೇ.

ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಮಧ್ಯರಾತ್ರಿ ದಾಟುವ ಪ್ರಕರಣಗಳು ಕಾಟ ಕೊಡುತ್ತವೆ. 23:45ಕ್ಕೆ ಔಷಧಿ, 00:20ಕ್ಕೆ ಛೇದನ ಆಗಿದ್ದರೆ ಸರಳವಾಗಿ ಕಳೆದಾಗ ಅಸಂಬದ್ಧ ಸಂಖ್ಯೆ ಬರುತ್ತದೆ. ಗಡಿಯಾರದ ವ್ಯತ್ಯಾಸ ಸರಿಪಡಿಸಿದ ಡೋಸ್ ಸಮಯ D ಅಂಕಣದಲ್ಲಿ, ಛೇದನದ ಸಮಯ E ಅಂಕಣದಲ್ಲಿ ಇದ್ದರೆ ಈ ಸೂತ್ರ ಹಾಕಿ:

```
=ROUND(MOD(E2-D2+0.5,1)*1440-720,0)
```

ಮೇಲಿನ ರಾತ್ರಿ ಪ್ರಕರಣಕ್ಕೆ ಇದು 35 ಎಂದು ತೋರಿಸುತ್ತದೆ. ಛೇದನವಾಗಿ ಹತ್ತು ನಿಮಿಷದ ನಂತರ ಔಷಧಿ ಕೊಟ್ಟಿದ್ದರೆ -10 ಎಂದು ತೋರಿಸುತ್ತದೆ. ಋಣ ಸಂಖ್ಯೆ ಎಂದರೆ ಔಷಧಿ ತಡವಾಗಿದೆ ಎಂದು ಅರ್ಥ. ಸೊನ್ನೆ ಬಂದರೆ, ಅಂದರೆ ಎರಡೂ ಒಂದೇ ನಿಮಿಷದಲ್ಲಿ ಎಂದಿದ್ದರೆ, 9ನೇ ಅಂಶ ನೋಡಿ. ಡೋಸ್ ಮುಗಿಯುವ ಮುಂಚೆ ಛೇದನವಾಗಿದ್ದರೆ ಅದು ತಡದ ಗುಂಪಿಗೇ ಸೇರಲಿ.

ಲೆಕ್ಕಕ್ಕೆ ಕೂರುವ ಮುನ್ನ ಸಮಯಗಳನ್ನೇ ಒಮ್ಮೆ ಅನುಮಾನದಿಂದ ನೋಡಿ. ಆ ಗಳಿಗೆಯಲ್ಲೇ ಗಡಿಯಾರ ನೋಡಿ ಬರೆದ ಸಮಯಗಳಾದರೆ ನಿಮಿಷದ ಕೊನೆಯ ಅಂಕಿ 0 ಅಥವಾ 5 ಆಗಿರುವುದು ಐದರಲ್ಲಿ ಒಂದು ಸಲ ಮಾತ್ರ. ಐವತ್ತರಲ್ಲಿ ಹತ್ತು, ಹೆಚ್ಚೆಂದರೆ ಹದಿನೈದು. ನಿಮ್ಮ ಹಾಳೆಗಳಲ್ಲಿ ನಲವತ್ತು ಹಾಗಿದ್ದರೆ ಅವನ್ನು ಆಮೇಲೆ ನೆನಪಿನಿಂದ ಬರೆದಿದ್ದಾರೆ ಎಂದೇ ತಿಳಿಯಿರಿ. ಸಾಲುಸಾಲಾಗಿ ಅಂತರ ಸರಿಯಾಗಿ 30 ನಿಮಿಷ ಬಂದರೆ ಇನ್ನೂ ಕೆಟ್ಟದು, ಒಂದು ಸಮಯ ನೋಡಿಕೊಂಡು ಇನ್ನೊಂದನ್ನು ಹೊಂದಿಸಿದ್ದಾರೆ. ಇದನ್ನು ಸಭೆಯಲ್ಲಿ ಯಾರ ಮುಖಕ್ಕೂ ಹೇಳಬೇಡಿ. ಬರೆಯುವ ಹಾಳೆ ಎಲ್ಲಿದೆ, ಪೆನ್ನು ಕೈಗೆ ಸಿಗುವಂತಿದೆಯೇ, ಕೈಗವಸು ಹಾಕಿರುವ ಆ ಸಿಸ್ಟರ್ ಯಾವಾಗ ಬರೆಯಬೇಕು ಎಂದು ನೋಡಿ. ಸಾಮಾನ್ಯವಾಗಿ ಹಾಳೆ ಇನ್ನೊಂದು ಕೋಣೆಯಲ್ಲಿರುತ್ತದೆ.

ಫಲಿತಾಂಶವನ್ನು ಒಂದು ಶೇಕಡಾವಾರಿಗೆ ಅದುಮಬೇಡಿ. ಐದು ಗುಂಪು ಮಾಡಿ: 60 ನಿಮಿಷದೊಳಗೆ, 60ಕ್ಕಿಂತ ಬೇಗ, ಛೇದನದ ನಂತರ, ಕೊಟ್ಟೇ ಇಲ್ಲ, ಸಮಯ ಬರೆದಿಲ್ಲ. ಲೆಕ್ಕ ತೋರಿಸಲು ಕಾಲ್ಪನಿಕ ಅಂಕಿ ತೆಗೆದುಕೊಂಡರೆ, ಐವತ್ತರಲ್ಲಿ ಕ್ರಮವಾಗಿ 29, 9, 6, 2, 4 ಬಂತು ಎನ್ನೋಣ. ಸಮಯ ಬರೆಯದ ನಾಲ್ಕನ್ನು ಬದಿಗಿಟ್ಟರೆ 46ರಲ್ಲಿ 29, ಅಂದರೆ ಶೇ. 63. ಸೇರಿಸಿದರೆ 50ರಲ್ಲಿ 29, ಶೇ. 58. ನನ್ನ ಸಲಹೆ ಸೇರಿಸಿಯೇ ಲೆಕ್ಕ ಮಾಡಿ ಎಂಬುದು. ಸಮಯ ಬರೆಯದ ಡೋಸನ್ನು ಸರಿಯಾಗಿ ಕೊಟ್ಟಿದ್ದೇವೆ ಎಂದು ತೋರಿಸಲು ಯಾರಿಗೂ ಸಾಧ್ಯವಿಲ್ಲ. ಬರೆಯದಿರುವುದಕ್ಕೆ ಆಡಿಟ್ ಬಹುಮಾನ ಕೊಟ್ಟಂತೆ ಆದರೆ ಮುಂದಿನ ಸಲ ಖಾಲಿ ಜಾಗಗಳು ಹೆಚ್ಚುತ್ತವೆ.

ಆಮೇಲೆ ಬೇಗ ಕೊಟ್ಟ ಒಂಬತ್ತು ಹಾಳೆಗಳನ್ನೂ ತಡವಾದ ಆರು ಹಾಳೆಗಳನ್ನೂ ಮೇಜಿನ ಮೇಲೆ ಬೇರೆ ಬೇರೆ ಹರಡಿ. ಇವೆರಡೂ ಒಂದೇ ಕಾಯಿಲೆಯಲ್ಲ. ಬೇಗ ಕೊಟ್ಟವುಗಳಲ್ಲಿ 10ನೇ ಅಂಶ ಬಹುಪಾಲು "ವಾರ್ಡ್" ಎಂದಿದ್ದರೆ, ಓಟಿ ಯಾವಾಗ ಖಾಲಿಯಾಗುತ್ತದೆ ಎಂದು ವಾರ್ಡಿಗೆ ಗೊತ್ತಿಲ್ಲದಿರುವುದೇ ಸಮಸ್ಯೆ. ಅವರು ಎಷ್ಟೇ ಶ್ರದ್ಧೆಯಿಂದ ಕೊಟ್ಟರೂ ಅದು ಊಹೆ. ತಡವಾದವುಗಳಲ್ಲಿ ಕಾರಣ ಬೇರೆ ಇರುತ್ತದೆ. ಬಳ್ಳಿ ಕ್ಲ್ಯಾಂಪ್ ಆದ ಮೇಲೆ ಕೊಡುವ ಹಳೆಯ ರೂಢಿ ಇರಬಹುದು, ರಾತ್ರಿ ಪಾಳಿಯಲ್ಲಿ ಔಷಧಿ ಓಟಿಯಲ್ಲಿ ಇಲ್ಲದೆ ಫಾರ್ಮಸಿಗೆ ಓಡಿದ್ದಿರಬಹುದು, ಅತಿ ತುರ್ತಿನ ಗಡಿಬಿಡಿ ಇರಬಹುದು. 2ನೇ ಮತ್ತು 3ನೇ ಅಂಶ ಇದನ್ನು ಹೇಳುತ್ತವೆ. ಎಲ್ಲವನ್ನೂ ಒಟ್ಟು ಸೇರಿಸಿ "ಸಿಬ್ಬಂದಿಗೆ ತರಬೇತಿ ನೀಡಲಾಗುವುದು" ಎಂದು ವರದಿ ಬರೆದರೆ ಏನೂ ಬದಲಾಗುವುದಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವೇ ಇಲ್ಲ.

ಬೇಗ ಆಗುವ ತೊಂದರೆಗೆ ಮದ್ದು ಒಂದೇ: ವಾರ್ಡಿನಲ್ಲಿ ಔಷಧಿ ಚುಚ್ಚಬೇಡಿ. ವೈಯಲ್ಲನ್ನು ಕೇಸ್ ಶೀಟಿಗೆ ಲಗತ್ತಿಸಿದ ಕವರಿನಲ್ಲಿ ರೋಗಿಯ ಜೊತೆಗೇ ಓಟಿಗೆ ಕಳುಹಿಸಿ. ಟೇಬಲ್ ಮೇಲೆ ಮಲಗಿಸಿ, ಮಾನಿಟರ್ ಜೋಡಿಸಿ, ಡ್ರಿಪ್ ಸರಿಯಾಗಿ ಹೋಗುತ್ತಿದೆ ಎಂದು ನೋಡಿದ ಮೇಲೆ, ಬೆನ್ನಿಗೆ ಅರಿವಳಿಕೆ ಕೊಡುವ ಮುಂಚೆ ಮೂರರಿಂದ ಐದು ನಿಮಿಷದಲ್ಲಿ ನಿಧಾನವಾಗಿ ಕೊಡಿ. ಈ ಕ್ರಮವನ್ನು ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಬೆನ್ನಿನ ಅರಿವಳಿಕೆಯ ನಂತರ ರಕ್ತದೊತ್ತಡ ಇಳಿಯುವುದು ಸಾಮಾನ್ಯ. ಅದೇ ಹೊತ್ತಿಗೆ ಆಂಟಿಬಯಾಟಿಕ್ ಕೊಟ್ಟು ಒತ್ತಡ ಕುಸಿದರೆ ಅದು ಅರಿವಳಿಕೆಯಿಂದಲೋ ಅಲರ್ಜಿಯಿಂದಲೋ ಎಂದು ಕೆಲವು ಅಮೂಲ್ಯ ನಿಮಿಷ ಗೊತ್ತಾಗುವುದಿಲ್ಲ. ಮೊದಲೇ ಕೊಟ್ಟರೆ ಅಲರ್ಜಿ ಆದದ್ದು ಅಲರ್ಜಿಯಾಗಿಯೇ ಕಾಣುತ್ತದೆ. ಅದೂ ಅಡ್ರಿನಲಿನ್, ಆಮ್ಲಜನಕ, ಅರಿವಳಿಕೆ ತಜ್ಞರು ಎಲ್ಲ ಪಕ್ಕದಲ್ಲಿರುವ ಜಾಗದಲ್ಲಿ. ಟೆಸ್ಟ್ ಡೋಸ್ ಬಿಡಲು ಹೆದರುವ ವಾರ್ಡ್ ಸಿಸ್ಟರಿಗೆ ಈ ಮಾತು ಸಮಾಧಾನ ಕೊಡುತ್ತದೆ. ಹೀಗೆ ಕೊಟ್ಟರೆ ಅಂತರ ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷಕ್ಕೆ ಬಂದು ನಿಲ್ಲುತ್ತದೆ.

ಚೆಕ್‌ಲಿಸ್ಟಿನ ಪ್ರಶ್ನೆಯನ್ನೂ ತಿದ್ದಿ. ಛೇದನಕ್ಕೆ ಮೊದಲಿನ ವಿರಾಮದಲ್ಲಿ "ಆಂಟಿಬಯಾಟಿಕ್ ಕೊಟ್ಟಿದೆಯೇ" ಎಂದು ಕೇಳಿದರೆ ಉತ್ತರ ಯಾವಾಗಲೂ "ಹೌದು". "ಎಷ್ಟು ಗಂಟೆಗೆ ಕೊಟ್ಟದ್ದು, ಈಗ ಎಷ್ಟು ನಿಮಿಷ ಆಯಿತು" ಎಂದು ಕೇಳಿದರೆ ಯಾರಾದರೂ ಗಡಿಯಾರ ನೋಡಲೇಬೇಕು. ಟಿಕ್ ಹಾಕುವ ಚೌಕದ ಜಾಗದಲ್ಲಿ ನಿಮಿಷ ಬರೆಯುವ ಖಾಲಿ ಗೆರೆ ಹಾಕಿಸಿ, ಅಷ್ಟೇ. ಅರವತ್ತು ದಾಟಿದ್ದರೆ ಮತ್ತೆ ಕೊಡಬೇಕೇ ಎಂಬುದನ್ನು ಅರಿವಳಿಕೆ ತಜ್ಞರು ಅಲ್ಲೇ ನಿರ್ಧರಿಸಲಿ. ಸೆಫಾಜೋಲಿನ್‌ಗೆ ನಾಲ್ಕು ಗಂಟೆ ಕಳೆದಾಗ ಅಥವಾ ರಕ್ತಸ್ರಾವ 1,500 ಮಿ.ಲೀ. ಮೀರಿದಾಗ ಮರುಡೋಸ್ ಕೊಡಬೇಕೆಂಬ ನಿಯಮ ಬೇರೆ ಇದೆ. ಸಿಸೇರಿಯನ್‌ನಲ್ಲಿ ಸಮಯದ ಲೆಕ್ಕದಿಂದ ಅದು ಬೇಕಾಗುವುದು ಅಪರೂಪ, ರಕ್ತಸ್ರಾವದ ಲೆಕ್ಕದಿಂದ ಬೇಕಾಗಬಹುದು.

ಬದಲಾವಣೆ ತಂದು ಆರರಿಂದ ಎಂಟು ವಾರ ಬಿಟ್ಟು ಅದೇ ಹಾಳೆ, ಅದೇ ವ್ಯಾಖ್ಯೆ, ಅದೇ ರೀತಿ ಸಾಲಾಗಿ ಐವತ್ತು ಪ್ರಕರಣ ತೆಗೆದು ಮತ್ತೆ ಅಳೆಯಿರಿ. ಮಧ್ಯದಲ್ಲಿ ಹಾಳೆಗೆ ಹೊಸ ಅಂಕಣ ಸೇರಿಸುವ ಆಸೆ ಬರುತ್ತದೆ. ಬೇಡ, ಹಾಗೆ ಮಾಡಿದರೆ ಮೊದಲಿನದಕ್ಕೂ ನಂತರದ್ದಕ್ಕೂ ಹೋಲಿಕೆ ಉಳಿಯುವುದಿಲ್ಲ. ಮೊದಲ ಸುತ್ತಿನಲ್ಲೇ, ಹಾಳೆ ಹಂಚುವ ಮುಂಚಿನ ತಿಂಗಳ ಇಪ್ಪತ್ತು ಹಳೆಯ ಕೇಸ್ ಶೀಟುಗಳನ್ನು ಸುಮ್ಮನೆ ತೆಗೆದು ನೋಡಿಡಿ. ಯಾರೋ ಗಮನಿಸುತ್ತಿದ್ದಾರೆ ಎಂದು ತಿಳಿದ ದಿನದಿಂದ ಎಲ್ಲರ ಕೆಲಸವೂ ಸ್ವಲ್ಪ ಚುರುಕಾಗುತ್ತದೆ. ಆ ಇಪ್ಪತ್ತು ಹಾಳೆಗಳು ಗಮನಿಸುವವರಿಲ್ಲದಾಗಿನ ಸ್ಥಿತಿ ಹೇಳುತ್ತವೆ. ಅವುಗಳಲ್ಲಿ ಅರ್ಧಕ್ಕೆ ಸಮಯವೇ ಸಿಗದಿದ್ದರೂ ಅದೂ ಒಂದು ಫಲಿತಾಂಶ.

ಗಾಯದ ಸೋಂಕು ಎಷ್ಟು ಕಡಿಮೆಯಾಯಿತು ಎಂದು ಇದೇ ಆಡಿಟ್ಟಿನಲ್ಲಿ ತೋರಿಸಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಪ್ಪಿಕೊಳ್ಳಬೇಡಿ. ಸೋಂಕನ್ನು ಎಣಿಸಲು ಮನೆಗೆ ಹೋದ ತಾಯಂದಿರನ್ನು ಮೂವತ್ತು ದಿನದವರೆಗೆ ಹಿಂಬಾಲಿಸಬೇಕು, ಬಾಣಂತನಕ್ಕೆ ತವರಿಗೆ ಹೋದವರನ್ನೂ ಸೇರಿಸಿ. ಐವತ್ತರ ಲೆಕ್ಕದಲ್ಲಿ ಒಂದೆರಡು ಸೋಂಕು ಹೆಚ್ಚುಕಡಿಮೆ ಆಗುವುದಕ್ಕೆ ಅರ್ಥವೂ ಇಲ್ಲ. ಆಪರೇಷನ್ ಆದ ಮೇಲೆ ಐದು ದಿನ ಆಂಟಿಬಯಾಟಿಕ್ ಮುಂದುವರಿಸುವ ರೂಢಿಯ ವಿಷಯವೂ ಹಾಗೆಯೇ. ಅದು ಕೇಳಬೇಕಾದ ಪ್ರಶ್ನೆ, ಆದರೆ ಬೇರೆ ಆಡಿಟ್ಟಿನದು.

ಅನುಮತಿಗಾಗಿ ಒಂದು ಪುಟದ ಯೋಜನೆಯನ್ನು ಆಡಳಿತ ವೈದ್ಯಾಧಿಕಾರಿಗಳಿಗೂ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೂ ಕೊಟ್ಟು ಸಹಿ ಪಡೆಯಿರಿ. ಮುಂದೆ ಎಲ್ಲಾದರೂ ಪ್ರಕಟಿಸುವ ಯೋಚನೆ ಇದ್ದರೆ ಮಾಹಿತಿ ಸಂಗ್ರಹಿಸುವ ಮೊದಲೇ ನೈತಿಕ ಸಮಿತಿಯನ್ನು ಕೇಳಬೇಕು, ಮುಗಿದ ಮೇಲೆ ಕೇಳಿದರೆ ಒಪ್ಪುವುದು ಕಷ್ಟ. ನಿಮ್ಮಲ್ಲಿ ಲಕ್ಷ್ಯ ಕಾರ್ಯಕ್ರಮದ ಮೌಲ್ಯಮಾಪನ ನಡೆಯುವುದಿದ್ದರೆ ಈ ಎರಡು ಸುತ್ತಿನ ಹಾಳೆಗಳನ್ನು ಹೆರಿಗೆ ಓಟಿಯ ಕಡತದಲ್ಲಿ ಹಾಗೆಯೇ ಇಡಬಹುದು. ಗಡಿಯಾರ ಹೋಲಿಕೆಯ ಚೀಟಿಯನ್ನೂ ಅದರೊಟ್ಟಿಗೆ ಪಿನ್ ಮಾಡಿ. ಪ್ರತಿ ಸೋಮವಾರ ಒಮ್ಮೆ, ಯಾವ ಗಡಿಯಾರ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಎಂದು ಅದರಲ್ಲಿ ಬರೆದಿರಬೇಕು. ಬ್ಯಾಟರಿ ಬದಲಿಸಿ ಗಡಿಯಾರ ಸರಿಮಾಡಿದ ದಿನಾಂಕವನ್ನೂ ಬರೆಯಿರಿ, ಇಲ್ಲದಿದ್ದರೆ ಆ ವಾರದ ಹಾಳೆಗಳಿಗೆ ಯಾವ ವ್ಯತ್ಯಾಸ ಕಳೆಯಬೇಕೆಂದು ತಿಳಿಯುವುದಿಲ್ಲ.